ಬಾಣದ ಕ್ಲಿಪ್ಪು, ಮುಚ್ಚಿದ ನಿಬ್ಬು

ಅಜ್ಜನ ಮೇಜಿನ ಖಾನೆಯಲ್ಲಿ ಸಿಕ್ಕ ಇಂಕ್ ಪೆನ್ನಿನ ಫೋಟೊ ತೆಗೆದು ‘ಇದಕ್ಕೆ ಯಾವ ಕಾರ್ಟ್ರಿಡ್ಜ್ ಹಾಕಬೇಕು?’ ಎಂದು ಕೇಳುವವರು ಬಹಳ. ಕ್ಲಿಪ್ಪು ಬಾಣದ ಆಕಾರದಲ್ಲಿದ್ದರೆ ನೋಡಿದವರು ಥಟ್ಟನೆ ‘ಪಾರ್ಕರ್’ ಎಂದುಬಿಡುತ್ತಾರೆ. ಅವಸರ ಬೇಡ. ನಮ್ಮಲ್ಲಿ ಮನೆಮನೆಯಲ್ಲೂ ಇದ್ದ ಚೀನಾದ ಹೀರೋ ಪೆನ್ನಿನ ಕ್ಲಿಪ್ಪೂ ಹಾಗೆಯೇ ಕಾಣುತ್ತದೆ. ಮುಚ್ಚಳದ ಅಂಚಿನಲ್ಲಿ ಕೊರೆದ ಅಕ್ಷರಗಳನ್ನು ಮೊದಲು ಓದಬೇಕು. ಅವು ಸವೆದಿದ್ದರೆ ಬೆಳಕನ್ನು ಪಕ್ಕದಿಂದ ಓರೆಯಾಗಿ ಬೀಳುವಂತೆ ಮಾಡಿ ಫೋಟೊ ತೆಗೆಯಿರಿ, ನೆರಳಿನಲ್ಲಿ ಗೀರುಗಳು ಎದ್ದು ಕಾಣುತ್ತವೆ.

ಪಾರ್ಕರ್ ಎಂದು ಖಚಿತವಾದ ಮೇಲೆ ನಿಬ್ಬಿನ ಕಡೆ ತಿರುಗೋಣ. ನಿಬ್ಬು ಪ್ಲಾಸ್ಟಿಕ್ ಕವಚದೊಳಗೆ ಅಡಗಿ ತುದಿಯಷ್ಟೇ ಹೊರಗಿದ್ದರೆ ಅದು 1941ರಲ್ಲಿ ಬಂದ ಪಾರ್ಕರ್ 51 ಇರಬಹುದು. ನಿಬ್ಬು ಸಣ್ಣ ನಾಲಗೆಯಂತೆ ಒಂದಿಷ್ಟು ಹೊರಚಾಚಿದ್ದರೆ 1960ರ ಪಾರ್ಕರ್ 45 ಇರಬಹುದು. ಹೀಗಾಗಿ ನಿಬ್ಬನ್ನು ಮೇಲಿನಿಂದಷ್ಟೇ ಅಲ್ಲ, ಪಕ್ಕದಿಂದಲೂ ಸೆರೆಹಿಡಿಯಬೇಕು.

ಈ ವ್ಯತ್ಯಾಸದ ಮೇಲೆಯೇ ಖರೀದಿ ನಿಂತಿದೆ. 45ಕ್ಕೆ ಪಾರ್ಕರ್‌ನ ಉದ್ದ ಕಾರ್ಟ್ರಿಡ್ಜ್ ಸರಿಯಾಗಿ ಕೂರುತ್ತದೆ. ಹಳೆಯ 51ರಲ್ಲಿ ಸಾಮಾನ್ಯವಾಗಿ ಕಾರ್ಟ್ರಿಡ್ಜಿಗೆ ಜಾಗವೇ ಇಲ್ಲ, ಶಾಯಿಯನ್ನು ಬಾಟಲಿಯಿಂದಲೇ ಎಳೆದುಕೊಳ್ಳಬೇಕು. ಆದರೆ 2021ರಲ್ಲಿ ಹೊಸದಾಗಿ ಬಂದ 51 ನೋಟಕ್ಕೆ ಹಳೆಯದರಂತೆಯೇ ಇದ್ದರೂ ಕಾರ್ಟ್ರಿಡ್ಜ್ ಬಳಸುತ್ತದೆ! ಹೊಸದರ ಮುಚ್ಚಳ ತಿರುಪಿನದು, ಹಳೆಯದರದ್ದು ಒತ್ತಿ ಕೂರಿಸುವಂಥದ್ದು. ನಿಬ್ಬು, ಕ್ಲಿಪ್ಪುಗಳ ಫೋಟೊದಲ್ಲಿ ಇದು ತಿಳಿಯುವುದಿಲ್ಲ. ಹಿಂಭಾಗದ ಕೊಳವೆಯನ್ನು ಮೆಲ್ಲಗೆ ತಿರುಗಿಸಿ ಬಿಚ್ಚಿದಾಗ ಒಳಗಿನ ಫೋಟೊ ಒಂದು ಬೇಕೇಬೇಕು. ಒತ್ತುವ ಪಟ್ಟಿಯಿರುವ ಲೋಹದ ಕವಚ ಗಟ್ಟಿಯಾಗಿ ಜೋಡಿಸಿದ್ದರೆ ಅದು ಒತ್ತಿ ತುಂಬುವ ಪೆನ್ನು, ಅದನ್ನು ಕಿತ್ತು ತೆಗೆಯಲು ಹೋಗಬಾರದು. ಖಾಲಿ ಜಾಗದ ನಡುವೆ ಸಣ್ಣ ಮೊಳೆಯಂಥ ಕೊಳವೆ ಕಂಡರೆ ಕಾರ್ಟ್ರಿಡ್ಜ್ ಪೆನ್ನು.

ಅಂಗಡಿಯಲ್ಲಿ ‘ಸ್ಟ್ಯಾಂಡರ್ಡ್’ ಎಂದು ಕೊಡುವ ಚಿಕ್ಕ ಕಾರ್ಟ್ರಿಡ್ಜ್ ಕಾವೆಕೊ, ಪೆಲಿಕನ್ ಥರದ ಪೆನ್ನುಗಳಿಗೆ. ಅದರ ಬಾಯಿ ಕಿರಿದು, ಪಾರ್ಕರ್‌ನ ಒಳಗಿನ ಕೊಳವೆ ದಪ್ಪ. ಬಲವಂತವಾಗಿ ತುರುಕಿದರೆ ಬಾಯಿ ಸೀಳಿ ಶಾಯಿ ಒಸರುತ್ತದೆ. ಸರಿಯಾದ ಕಾರ್ಟ್ರಿಡ್ಜ್ ಒತ್ತಿದಾಗ ಸೀಲು ಒಡೆದ ಸಣ್ಣ ಸದ್ದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಅಲುಗಾಡುವುದಿಲ್ಲ. ಆದರೂ ಬರೆಯದಿದ್ದರೆ ತಪ್ಪು ಕಾರ್ಟ್ರಿಡ್ಜಿನದೇ ಆಗಬೇಕಿಲ್ಲ. ಹಳೆಯ ಶಾಯಿ ಒಣಗಿ ನಿಬ್ಬಿನ ಅಡಿಯ ಸಂದು ಕಟ್ಟಿರುತ್ತದೆ. ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬಿಸಿನೀರು ತಾಗಿದರೆ ಹಳೆಯ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.