ಉಳಿಯುವ ಗೆರೆ, ಅಳಿಯುವ ಗೆರೆ

ಊರಿನ ನಕ್ಷೆಯಲ್ಲಿ ರಸ್ತೆ, ಕಾಲುವೆ, ಗಡಿ ಎಂದು ಸಾವಿರಾರು ಗೆರೆಗಳಿರುತ್ತವೆ. ನೋಡುವವರಿಗೆ ಬೇಕಾದದ್ದು ಅದರಲ್ಲಿ ಒಂದು ಬೀದಿಯ ತಿರುವು ಮಾತ್ರ. ಅದನ್ನು ಹಿಗ್ಗಿಸಿ ಪರದೆ ತುಂಬ ತೋರಿಸುವಾಗ ಉಳಿದ ಗೆರೆಗಳನ್ನು ಏನು ಮಾಡಬೇಕು? ಪರದೆಯ ಹೊರಗೆ ಬಿದ್ದದ್ದು ಹೇಗೂ ಕಾಣುವುದಿಲ್ಲವಲ್ಲ, ಸುಮ್ಮನೆ ಬಿಟ್ಟರಾಯಿತು ಎನಿಸುತ್ತದೆ. ಆದರೆ ಹಳೆಯ ಡಿಸ್‌ಪ್ಲೇ ಯಂತ್ರಗಳಲ್ಲಿ ಪರದೆಯ ಅಳತೆ ಮೀರಿದ ಸಂಖ್ಯೆ ಕೊಟ್ಟರೆ ಆ ಸಂಖ್ಯೆ ಸುತ್ತು ಹೊಡೆದು, ಬಲಗಡೆ ಹೊರಗೆ ಹೋಗಬೇಕಾದ ಗೆರೆ ಎಡಗಡೆಯಿಂದ ಒಳಗೆ ನುಗ್ಗಿ ಚಿತ್ರವನ್ನೇ ಕೆಡಿಸುತ್ತಿತ್ತು. ಹಾಗಾಗಬಾರದೆಂದರೆ ಪ್ರತಿ ಗೆರೆಯನ್ನೂ ಎಳೆಯುವ ಮೊದಲೇ ಪರೀಕ್ಷಿಸಿ, ಒಳಗಿನ ಭಾಗವನ್ನಷ್ಟೇ ಉಳಿಸಿಕೊಳ್ಳಬೇಕು. ಈ ಕತ್ತರಿಸುವ ಕೆಲಸಕ್ಕೆ ಕ್ಲಿಪ್ಪಿಂಗ್ ಎಂದು ಹೆಸರು.

1963ರಲ್ಲಿ ಸ್ಕೆಚ್‌ಪ್ಯಾಡ್ ಎಂಬ ಚಿತ್ರ ಬರೆಯುವ ಪ್ರೋಗ್ರಾಮನ್ನು ತೋರಿಸಿ ಕಂಪ್ಯೂಟರ್ ಗ್ರಾಫಿಕ್ಸ್‌ಗೆ ದಾರಿ ಮಾಡಿಕೊಟ್ಟ ಐವನ್ ಸದರ್ಲೆಂಡ್ ಕೆಲವು ವರ್ಷಗಳ ನಂತರ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲೇ ಇದ್ದ ಡ್ಯಾನಿ ಕೋಹೆನ್ 1967ರಲ್ಲಿ ಸಾಮಾನ್ಯ ಬಳಕೆಯ ಕಂಪ್ಯೂಟರ್ ಮೇಲೆ ವಿಮಾನ ಹಾರಾಟದ ಸಿಮ್ಯುಲೇಟರ್ ಕಟ್ಟುತ್ತಿದ್ದರು. ವಿಮಾನ ಅಲುಗಿದಂತೆಲ್ಲ ಪರದೆಯ ಮೇಲಿನ ನೋಟವೂ ಬದಲಾಗಬೇಕು. ಅಂದರೆ ಚಿತ್ರದ ಎಲ್ಲ ಗೆರೆಗಳನ್ನೂ ಮತ್ತೆ ಮತ್ತೆ ಕತ್ತರಿಸಬೇಕು. ಅಂದಿನ ಯಂತ್ರಗಳಿಗೆ ಗುಣಾಕಾರ, ಭಾಗಾಕಾರ ಎಂದರೆ ಬಲು ದುಬಾರಿ. ಆ ಇಕ್ಕಟ್ಟಿನಲ್ಲಿ ಹುಟ್ಟಿದ ವಿಧಾನ ಇಂದಿಗೂ ಇವರಿಬ್ಬರ ಹೆಸರಿನಲ್ಲಿದೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಗ್ರಾಫಿಕ್ಸ್ ಪ್ರಯೋಗಾಲಯದಲ್ಲಿ ಕುಳಿತು ಬಂದವರು ಕೋಹೆನ್–ಸದರ್ಲೆಂಡ್ ಪ್ರೋಗ್ರಾಮನ್ನು ಬರೆದೇ ಇರುತ್ತಾರೆ. ಅದು ಗೆರೆಯನ್ನು ಹೇಗೆ ಕತ್ತರಿಸುತ್ತದೆ ಎಂಬುದಕ್ಕಿಂತ, ಯಾವ ಗೆರೆಗೆ ಕತ್ತರಿಯೇ ಬೇಕಿಲ್ಲ ಎಂದು ಹೇಗೆ ಕಂಡುಕೊಳ್ಳುತ್ತದೆ ಎಂಬುದು ಹೆಚ್ಚು ಸೊಗಸಿನ ಸಂಗತಿ.

ಒಂದು ಆಯತಾಕಾರದ ಕಿಟಕಿಯನ್ನು ಇಟ್ಟುಕೊಳ್ಳೋಣ. ಅದರ ಎಡ ಅಂಚು x = 100, ಬಲ ಅಂಚು x = 400, ಕೆಳ ಅಂಚು y = 100, ಮೇಲಿನ ಅಂಚು y = 300. ಈ ನಾಲ್ಕು ಅಂಚುಗಳನ್ನೂ ಎರಡು ಕಡೆಗೆ ಕೊನೆಯಿಲ್ಲದಂತೆ ಎಳೆದರೆ ಇಡೀ ಬಯಲು ಒಂಬತ್ತು ಭಾಗವಾಗುತ್ತದೆ. ನಡುವಿನದು ಕಿಟಕಿ, ಸುತ್ತಲಿನ ಎಂಟು ಹೊರಗಿನ ವಲಯಗಳು. ಯಾವುದೇ ಬಿಂದು ಎಲ್ಲಿದೆ ಎಂದು ತಿಳಿಯಲು ನಾಲ್ಕು ಪ್ರಶ್ನೆ ಸಾಕು: ಕಿಟಕಿಗಿಂತ ಮೇಲಿದೆಯೇ, ಕೆಳಗಿದೆಯೇ, ಬಲಕ್ಕಿದೆಯೇ, ಎಡಕ್ಕಿದೆಯೇ? ಹೌದಾದರೆ 1, ಇಲ್ಲವಾದರೆ 0. ಇದೇ ಕ್ರಮದಲ್ಲಿ ನಾಲ್ಕು ಉತ್ತರಗಳನ್ನು ಸಾಲಾಗಿ ಬರೆದರೆ ಆ ಬಿಂದುವಿನ ವಲಯ ಸಂಕೇತ ಸಿಕ್ಕಿತು. ಕಿಟಕಿಯೊಳಗೆ ಅದು 0000, ನೇರ ಎಡಕ್ಕೆ 0001, ಎಡ ಮೇಲಿನ ಮೂಲೆಯಲ್ಲಿ 1001. ಪ್ರೋಗ್ರಾಮಿನಲ್ಲಿ ಇದು ನಾಲ್ಕೇ ಸಾಲು:

```
if (x < xmin) code |= 1;
else if (x > xmax) code |= 2;
if (y < ymin) code |= 4;
else if (y > ymax) code |= 8;
```

ಇಲ್ಲಿ ಗುಣಾಕಾರವೂ ಇಲ್ಲ, ಭಾಗಾಕಾರವೂ ಇಲ್ಲ. ಇರುವುದು ಬರೀ ಹೋಲಿಕೆ. ಒಂದು ಬಿಂದು ಒಟ್ಟಿಗೇ ಎಡಕ್ಕೂ ಬಲಕ್ಕೂ ಇರಲಾರದು, ಮೇಲಕ್ಕೂ ಕೆಳಕ್ಕೂ ಇರಲಾರದು. ಹಾಗಾಗಿ ನಾಲ್ಕು ಬಿಟ್‌ಗಳಿಂದ ಹದಿನಾರು ಸಂಕೇತ ಸಾಧ್ಯವಿದ್ದರೂ ಬಳಕೆಗೆ ಬರುವುದು ಒಂಬತ್ತೇ.

ಗೆರೆಯೊಂದಕ್ಕೆ ಎರಡು ತುದಿ, ಎರಡು ಸಂಕೇತ. ಎರಡೂ 0000 ಆಗಿದ್ದರೆ ಗೆರೆ ಪೂರ್ತಿ ಒಳಗಿದೆ. ಆಯತದೊಳಗಿನ ಎರಡು ಬಿಂದುಗಳನ್ನು ಸೇರಿಸುವ ಗೆರೆ ಆಯತದಿಂದ ಹೊರಗೆ ಹೋಗಲು ಸಾಧ್ಯವೇ ಇಲ್ಲವಾದ್ದರಿಂದ ಅದನ್ನು ಹಾಗೇ ಉಳಿಸಿಕೊಳ್ಳಬಹುದು. ಇದಕ್ಕೆ ಎದುರಾದ ಇನ್ನೊಂದು ಸಂದರ್ಭವಿದೆ. (20, 150) ಮತ್ತು (80, 350) ಬಿಂದುಗಳ ನಡುವಿನ ಗೆರೆಯನ್ನು ನೋಡಿ. ಸಂಕೇತಗಳು 0001 ಮತ್ತು 1001. ಎರಡರಲ್ಲೂ ಕೊನೆಯ ಬಿಟ್ 1, ಅಂದರೆ ಎರಡು ತುದಿಗಳೂ ಎಡ ಅಂಚಿನ ಆಚೆ ಇವೆ. ನಡುವೆ ಗೆರೆ ಹೇಗೆ ವಾಲಿದರೂ ಆ ಅಂಚನ್ನು ದಾಟಿ ಈಚೆ ಬರುವುದಿಲ್ಲ. ಕಂಪ್ಯೂಟರ್ ಇದನ್ನು ತಿಳಿಯುವುದು ಆ್ಯಂಡ್ ಎಂಬ ಒಂದೇ ಕ್ರಿಯೆಯಿಂದ. ಎರಡು ಸಂಕೇತಗಳಲ್ಲೂ ಒಂದೇ ಸ್ಥಾನದಲ್ಲಿ 1 ಇದ್ದರೆ ಮಾತ್ರ ಫಲಿತಾಂಶದ ಆ ಸ್ಥಾನದಲ್ಲಿ 1 ಬರುತ್ತದೆ. ಇಲ್ಲಿ ಬಂದದ್ದು 0001. ಸೊನ್ನೆಯಲ್ಲದ ಯಾವ ಫಲಿತಾಂಶ ಬಂದರೂ ಗೆರೆಯನ್ನು ಕೈಬಿಡಬಹುದು.

ಈ ಎರಡು ತೀರ್ಪುಗಳೂ ಖಚಿತ. ತೊಂದರೆ ಇರುವುದು ಇವೆರಡಕ್ಕೂ ಸಿಗದ ಗೆರೆಗಳಲ್ಲಿ, ಮತ್ತು ವಿಧಾನದ ನಿಜವಾದ ಜಾಣತನ ಕಾಣುವುದೂ ಅಲ್ಲೇ.

ಎರಡು ಗೆರೆಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು (60, 240)ರಿಂದ (180, 360)ರವರೆಗೆ, ಎರಡನೆಯದು (60, 280)ರಿಂದ (180, 400)ರವರೆಗೆ. ಎರಡೂ ಸಮಾನಾಂತರ, ಒಂದಕ್ಕಿಂತ ಒಂದು 40 ಅಂಕ ಮೇಲಿದೆ, ಅಷ್ಟೇ ವ್ಯತ್ಯಾಸ. ಎರಡರ ಮೊದಲ ತುದಿಯೂ ಕಿಟಕಿಯ ಎಡಕ್ಕೆ, ಸಂಕೇತ 0001. ಎರಡರ ಕೊನೆಯ ತುದಿಯೂ ಕಿಟಕಿಯ ಮೇಲಕ್ಕೆ, ಸಂಕೇತ 1000. ಆ್ಯಂಡ್ ಮಾಡಿದರೆ ಎರಡಕ್ಕೂ 0000. ಸಂಕೇತಗಳನ್ನಷ್ಟೇ ನೋಡಿದರೆ ಈ ಗೆರೆಗಳ ನಡುವೆ ಭೇದವೇ ಇಲ್ಲ. ಆದರೆ ಒಂದು ಉಳಿಯಬೇಕು, ಒಂದು ಅಳಿಯಬೇಕು. ಆ್ಯಂಡ್ ಸೊನ್ನೆ ಬಂದರೆ ಗೆರೆ ಕಿಟಕಿಯನ್ನು ಹಾಯುತ್ತದೆ ಎಂದು ಹಲವರು ತಿಳಿದುಬಿಡುತ್ತಾರೆ. ಸೊನ್ನೆ ಹೇಳುವುದು ಅದನ್ನಲ್ಲ. ಇನ್ನೂ ತೀರ್ಮಾನವಾಗಿಲ್ಲ ಎಂದಷ್ಟೇ ಅದರ ಅರ್ಥ.

ಆಗ ಮಾತ್ರ ಕತ್ತರಿ ಕೈಗೆ ಬರುತ್ತದೆ. ಹೊರಗಿರುವ ಒಂದು ತುದಿಯನ್ನು ಆರಿಸಿಕೊಂಡು, ಅದರ ಸಂಕೇತದಲ್ಲಿ 1 ಇರುವ ಕಡೆಯ ಅಂಚಿಗೆ ಗೆರೆಯನ್ನು ಕತ್ತರಿಸಬೇಕು. ಎರಡು ಗೆರೆಗಳ ಮೊದಲ ತುದಿಯೂ ಎಡಕ್ಕಿರುವುದರಿಂದ x = 100 ಎಂಬ ಅಂಚಿನಲ್ಲಿ ಕತ್ತರಿಸೋಣ. ಇವುಗಳ ಇಳಿಜಾರು 1, ಅಂದರೆ x ಎಷ್ಟು ಏರುತ್ತದೋ y ಕೂಡ ಅಷ್ಟೇ ಏರುತ್ತದೆ. x 60ರಿಂದ 100ಕ್ಕೆ ಬಂದಾಗ ಮೊದಲ ಗೆರೆಯ y 240ರಿಂದ 280 ಆಗುತ್ತದೆ. ಹೊಸ ತುದಿ (100, 280), ಸಂಕೇತ 0000; ಅದು ಕಿಟಕಿಯ ಅಂಚಿನ ಮೇಲೇ ಇದೆ. ಎರಡನೆಯ ಗೆರೆಯ y 280ರಿಂದ 320 ಆಗುತ್ತದೆ. ಹೊಸ ತುದಿ (100, 320), ಸಂಕೇತ 1000. ಇನ್ನೊಂದು ತುದಿಯದೂ 1000. ಆ್ಯಂಡ್ ಈಗ ಸೊನ್ನೆಯಲ್ಲ, ಎರಡನೆಯ ಗೆರೆ ಇಲ್ಲಿಗೇ ಮುಗಿಯಿತು. ಅದು ಕಿಟಕಿಯ ಮೂಲೆಯ ಹೊರಗಿನಿಂದಲೇ ಹಾದುಹೋಗುತ್ತಿತ್ತು. ಮೊದಲ ಗೆರೆಯ ಇನ್ನೊಂದು ತುದಿಯನ್ನು y = 300ರಲ್ಲಿ ಕತ್ತರಿಸಿದರೆ (120, 300) ಬರುತ್ತದೆ. ಎರಡೂ ಸಂಕೇತ 0000 ಆದವು. (100, 280)ರಿಂದ (120, 300)ರವರೆಗಿನ ತುಂಡು ಪರದೆಗೆ ಹೋಗುತ್ತದೆ.

ಅಂದರೆ ಪ್ರತಿ ಕತ್ತರಿಕೆಯ ನಂತರವೂ ವಿಧಾನ ಮತ್ತೆ ಮೊದಲಿನ ಎರಡು ಪ್ರಶ್ನೆಗಳಿಗೇ ಮರಳುತ್ತದೆ. ಹೊರಗಿನದೆಂದು ಖಚಿತವಾಗಿ ಗೊತ್ತಿರುವ ಭಾಗವನ್ನಷ್ಟೇ ಅದು ಎಸೆಯುತ್ತದೆ, ಉಳಿದುದಕ್ಕೆ ಹೊಸ ಸಂಕೇತ ಕೊಟ್ಟು ಮತ್ತೆ ಕೇಳುತ್ತದೆ. ನಾಲ್ಕೇ ಅಂಚುಗಳಿರುವುದರಿಂದ ಹೆಚ್ಚೆಂದರೆ ನಾಲ್ಕು ಕತ್ತರಿಕೆಯಲ್ಲಿ ಉತ್ತರ ಸಿಗಲೇಬೇಕು.

ಆ್ಯಂಡ್ ಪರೀಕ್ಷೆ ಸದ್ದಿಲ್ಲದೆ ಇನ್ನೂ ಒಂದು ಉಪಕಾರ ಮಾಡುತ್ತದೆ. ಎಡ ಅಂಚಿನಲ್ಲಿ ಕತ್ತರಿಸುವಾಗ ಎರಡು ತುದಿಗಳ x ಅಂತರದಿಂದ ಭಾಗಿಸಬೇಕು. ಗೆರೆ ನೆಟ್ಟಗೆ ಲಂಬವಾಗಿದ್ದರೆ ಆ ಅಂತರ ಸೊನ್ನೆ. ಸೊನ್ನೆಯಿಂದ ಭಾಗಿಸಲು ಹೋದರೆ ಲೆಕ್ಕ ಕೆಡುತ್ತದೆ. ಆದರೆ ಲಂಬ ಗೆರೆಯ ಒಂದು ತುದಿ ಎಡಕ್ಕಿದ್ದರೆ ಇನ್ನೊಂದೂ ಎಡಕ್ಕೇ ಇರುತ್ತದೆ, ಆ್ಯಂಡ್ ಅದನ್ನು ಮೊದಲೇ ಹೊರಗೆ ಹಾಕಿರುತ್ತದೆ. ಅಡ್ಡ ಗೆರೆಗೂ ಇದೇ ಮಾತು. ಹಾಗಾಗಿ ಲಂಬ ಗೆರೆಗೆಂದು ಪ್ರತ್ಯೇಕ ಕಾವಲು ಬೇಕಿಲ್ಲ. ಪರೀಕ್ಷೆಯ ಕ್ರಮವನ್ನು ಅದಲುಬದಲು ಮಾಡಿ ಮೊದಲೇ ಇಳಿಜಾರನ್ನು ಲೆಕ್ಕ ಹಾಕಿಟ್ಟುಕೊಳ್ಳಲು ಹೋದವರ ಪ್ರೋಗ್ರಾಮು ಮಾತ್ರ ಲಂಬ ಗೆರೆಗೆ ಎಡವುತ್ತದೆ.

ಎಡವುವ ಇನ್ನೊಂದು ಜಾಗ ಅಂಚಿನ ಮೇಲಿನ ಬಿಂದು. ಮೇಲೆ ಕೊಟ್ಟ ಸಾಲುಗಳಲ್ಲಿ `x < xmin` ಎಂದಿದೆ. ಅಲ್ಲಿ `<=` ಬರೆದರೆ ಅಂಚಿನ ಮೇಲಿನ ಬಿಂದುವೂ ಹೊರಗಿನದೆಂದು ಎಣಿಕೆಯಾಗುತ್ತದೆ. ಆಗ (100, 280)ಕ್ಕೆ ಕತ್ತರಿಸಿದ ಮೇಲೂ ಸಂಕೇತ 0001 ಆಗಿಯೇ ಉಳಿಯುತ್ತದೆ. ಪ್ರೋಗ್ರಾಮು ಅದೇ ಅಂಚಿನಲ್ಲಿ, ಅದೇ ಬಿಂದುವಿಗೆ, ಮತ್ತೆ ಮತ್ತೆ ಕತ್ತರಿಸುತ್ತ ನಿಂತಲ್ಲೇ ಸುತ್ತುತ್ತದೆ. ಕತ್ತರಿಸಿದ ಮೇಲೆ x ಬೆಲೆಯನ್ನು ನೇರವಾಗಿ 100 ಎಂದು ಇಡದೆ ಸೂತ್ರದಿಂದ ಮತ್ತೆ ಲೆಕ್ಕ ಹಾಕಿದರೂ ಇದೇ ಗತಿಯಾಗಬಹುದು. ದಶಮಾಂಶದ ಕೊನೆಯಲ್ಲಿ ಕೂದಲೆಳೆಯಷ್ಟು ಕಡಿಮೆಯಾದರೂ ಬಿಂದು ಹೊರಗಿನದಾಗಿಬಿಡುತ್ತದೆ. ಗುರುತಿಸುವುದು ಸುಲಭ. ಪೂರ್ತಿ ಒಳಗಿರುವ ಗೆರೆ ಸರಿಯಾಗಿ ಬರುತ್ತದೆ, ಪೂರ್ತಿ ಒಂದೇ ಬದಿಗಿರುವ ಗೆರೆ ಸರಿಯಾಗಿ ಅಳಿಯುತ್ತದೆ, ಅಂಚು ದಾಟುವ ಗೆರೆ ಬಂದ ಕೂಡಲೇ ಪರದೆ ಸ್ತಬ್ಧವಾದರೆ ಈ ಎರಡು ಕಡೆ ಹುಡುಕಬೇಕು.

ಇನ್ನು ವಿಧಾನದ ಮಿತಿ. (40, 80)ರಿಂದ (520, 320)ರವರೆಗೆ ಓರೆಯಾಗಿ ಹಾದುಹೋಗುವ ಗೆರೆ ಅದನ್ನು ಚೆನ್ನಾಗಿ ತೋರಿಸುತ್ತದೆ. ಸಂಕೇತಗಳು 0101 ಮತ್ತು 1010. ಮೇಲೆ, ಕೆಳಗೆ, ಬಲ, ಎಡ ಎಂಬ ಕ್ರಮದಲ್ಲಿ ಕತ್ತರಿಸುತ್ತ ಹೋದರೆ ಮೊದಲ ತುದಿ ಕೆಳ ಅಂಚಿನ ಸಾಲಿನಲ್ಲಿ (80, 100)ಕ್ಕೆ ಬರುತ್ತದೆ. ಅದಿನ್ನೂ ಕಿಟಕಿಯ ಎಡಕ್ಕಿದೆ. ಮತ್ತೆ ಕತ್ತರಿಸಿದಾಗ (100, 110). ಇನ್ನೊಂದು ತುದಿಯೂ ಹೀಗೆಯೇ (480, 300)ರಲ್ಲಿ ಒಮ್ಮೆ ನಿಂತು, ನಂತರ (400, 260)ಕ್ಕೆ ಸೇರುತ್ತದೆ. ನಾಲ್ಕು ಬಿಂದುಗಳನ್ನು ಲೆಕ್ಕ ಹಾಕಿದೆವು, ಕೊನೆಗೆ ಉಪಯೋಗಕ್ಕೆ ಬಂದದ್ದು ಎರಡು. ಎಡದಿಂದ ಶುರು ಮಾಡಿದ್ದರೆ ಮೊದಲ ತುದಿ ಒಂದೇ ಏಟಿಗೆ (100, 110) ತಲುಪುತ್ತಿತ್ತು, ಆದರೆ ಸಂಕೇತ ಅದನ್ನು ಮುಂಚೆಯೇ ಹೇಳಲಾರದು. ಅದಕ್ಕೆ ಗೊತ್ತಿರುವುದು ದಿಕ್ಕು ಮಾತ್ರ, ದೂರವಲ್ಲ.

1984ರಲ್ಲಿ ಬಂದ ಲಿಯಾಂಗ್–ಬಾರ್ಸ್ಕಿ ವಿಧಾನ ಈ ವ್ಯರ್ಥವನ್ನು ಕಡಿಮೆ ಮಾಡಿತು. ಅದು ಗೆರೆಯ ಉದ್ದವನ್ನು 0ಯಿಂದ 1ರವರೆಗೆ ಅಳೆದು, ಒಳಹೊಕ್ಕ ಜಾಗ 0.125, ಹೊರಬಂದ ಜಾಗ 0.75 ಎಂದು ಮೊದಲು ಗೊತ್ತುಮಾಡಿಕೊಂಡು, ಆ ಎರಡು ಬಿಂದುಗಳನ್ನಷ್ಟೇ ಲೆಕ್ಕ ಹಾಕುತ್ತದೆ. ಹಾಗೆಂದು ಹಳೆಯ ವಿಧಾನ ಮೂಲೆಗೆ ಬಿದ್ದಿಲ್ಲ. ಕಿಟಕಿ ಚಿತ್ರಕ್ಕಿಂತ ತೀರ ಚಿಕ್ಕದಿದ್ದರೆ ಹೆಚ್ಚಿನ ಗೆರೆಗಳು ಒಂದೇ ಆ್ಯಂಡ್‌ಗೆ ಅಳಿಯುತ್ತವೆ. ಚಿತ್ರದ ಬಹುಪಾಲು ಕಿಟಕಿಯೊಳಗೇ ಇದ್ದರೆ ಹೆಚ್ಚಿನವು ನೇರವಾಗಿ ಉಳಿಯುತ್ತವೆ. ಎರಡೂ ಕಡೆ ಸಂಕೇತವೇ ಲಾಭ. ಅಂಚು ದಾಟುವ ಗೆರೆಗಳೇ ತುಂಬಿದ್ದಾಗ ಹೊಸದು ಮುಂದಾಗುತ್ತದೆ. ಮೂರು ಆಯಾಮದ ದೃಶ್ಯಗಳಲ್ಲಿ ಕೋಹೆನ್–ಸದರ್ಲೆಂಡ್ ಸಂಕೇತಕ್ಕೆ ಮುಂದೆ, ಹಿಂದೆ ಎಂಬ ಎರಡು ಬಿಟ್ ಸೇರಿ ಆರಾಗುತ್ತದೆ, ವಲಯಗಳು 27 ಆಗುತ್ತವೆ. ತೀರ್ಪು ಕೊಡುವ ಪ್ರಶ್ನೆಗಳು ಮಾತ್ರ ಅವೇ ಎರಡು.