ಮೂರನೇ ಅಂಕಿಯ ಮಾತು

ಅಕ್ಕನ ಮಗಳು ಧಾರವಾಡದಿಂದ ಪುಣೆಗೆ ಇಂಜಿನಿಯರಿಂಗ್ ಓದಲು ಬಂದ ವರ್ಷ, 2024ರ ಜುಲೈನಲ್ಲಿ, ಅವಳಿಗೆ ಲ್ಯಾಪ್‌ಟಾಪ್ ಕೊಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕ ಕಳಿಸಿದ್ದು ಐವತ್ತು ಸಾವಿರ, ಅದರಲ್ಲಿ ನಾಲ್ಕು ವರ್ಷ ನಡೆಯಬೇಕು. ಬುಧವಾರ ಪೇಟೆಯ ಕಡೆ ಒಂದು ಅಂಗಡಿಗೆ ಹೋದೆವು. ಮೇಜಿನ ಮೇಲೆ ಅಕ್ಕಪಕ್ಕ ಎರಡು ಲ್ಯಾಪ್‌ಟಾಪ್. ಎರಡರ ದರದ ಚೀಟಿಯಲ್ಲೂ ‘ರೈಜನ್ 5, 7000 ಸರಣಿ, 8 ಜಿಬಿ’ ಎಂದೇ ಬರೆದಿತ್ತು. ಒಂದಕ್ಕೆ 42 ಸಾವಿರ, ಇನ್ನೊಂದಕ್ಕೆ 46.

“ಮಾಮಾ, ಎರಡೂ ಒಂದ ಅದಾವಲ್ಲ, ಫರಕ ಏನೈತಿ?” ಅಂದಳು ಹುಡುಗಿ. ಅಂಗಡಿಯ ಹುಡುಗನೂ “ದೋನ್ಹೀ ಸಾರಖೇಚ್ ಆಹೇತ” ಎಂದು ಮುಗಿಸಿಬಿಟ್ಟ.

ಎರಡೂ ಒಂದೇ ಅಲ್ಲ. ಡಬ್ಬಿ ತಿರುಗಿಸಿ ಪೂರ್ತಿ ಹೆಸರು ಓದಿದೆ. ಒಂದು 7520U, ಇನ್ನೊಂದು 7530U. ಇಡೀ ಕಥೆ ಇರುವುದು ಆ ಮೂರನೇ ಅಂಕಿಯಲ್ಲಿ.

ಲ್ಯಾಪ್‌ಟಾಪ್ ಚಿಪ್‌ಗಳ ಹೆಸರು ಓದುವ ಕೀಲಿಯನ್ನು ಎಎಂಡಿ ತಾನೇ 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತ್ತು. ಮೊದಲ ಅಂಕಿ ಮಾದರಿಯ ವರ್ಷ: 7 ಎಂದರೆ 2023, 8 ಎಂದರೆ 2024. ಎರಡನೆಯದು ದರ್ಜೆ. ಮೂರನೆಯದು ಒಳಗಿನ ಕೋರ್ ಯಾವ ತಲೆಮಾರಿನ ‘ಜೆನ್’ ವಿನ್ಯಾಸದ್ದು ಎಂಬುದು. ನಾಲ್ಕನೆಯದು ಅದೇ ತಲೆಮಾರಿನೊಳಗಿನ ಮೇಲು ಕೀಳು. ಅಂದರೆ 7520U ಎಂಬುದು 2023ರ ಅಂಗಿ ತೊಟ್ಟ ಜೆನ್ 2. ಆ ವಿನ್ಯಾಸ ಮೊದಲು ಮಾರುಕಟ್ಟೆಗೆ ಬಂದದ್ದು 2019ರಲ್ಲಿ. 7530U ಜೆನ್ 3, ಅದರ ಮುಂದಿನ ತಲೆಮಾರು. ಮೊದಲನೆಯದರಲ್ಲಿ 4 ಕೋರ್, 8 ಥ್ರೆಡ್. ಎರಡನೆಯದರಲ್ಲಿ 6 ಕೋರ್, 12 ಥ್ರೆಡ್. ಚಿಪ್ಪಿನೊಳಗಿನ ಎಲ್3 ಕ್ಯಾಶ್ ಒಂದರಲ್ಲಿ 4 ಎಂಬಿ, ಇನ್ನೊಂದರಲ್ಲಿ 16. ‘ರೈಜನ್ 5’ ಎಂಬ ಒಂದೇ ಹೆಸರಿನಡಿ ಇಷ್ಟು ಅಂತರ.

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡದ್ದು ಮೆಮೊರಿ. 7520U ಒಪ್ಪುವುದು ಎಲ್‌ಪಿಡಿಡಿಆರ್5 ಮೆಮೊರಿಯನ್ನು ಮಾತ್ರ, ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 8 ಜಿಬಿ ಕೊಂಡರೆ ನಾಲ್ಕು ವರ್ಷವೂ 8 ಜಿಬಿಯೇ. 7530U ಡಿಡಿಆರ್4 ಒಪ್ಪುತ್ತದೆ. ಆ ಮಾದರಿಯ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಒಂದಾದರೂ ಖಾಲಿ ಜಾಗ ಇರುತ್ತದೆ, ಆದರೆ ಎಲ್ಲದರಲ್ಲೂ ಅಲ್ಲ. ಹಾಗಾಗಿ ನೋಡಿಯೇ ಕೊಳ್ಳಬೇಕು. ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ಪುಟ ನೋಡಿ. Form factor ಎಂಬಲ್ಲಿ SODIMM ಎಂದಿದ್ದರೆ ಕಳಚಿ ಹಾಕಬಹುದು. Row of chips ಎಂದಿದ್ದರೆ ಅದು ಬೆಸುಗೆ.

ಈ ಕೀಲಿ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. 7000 ಮತ್ತು 8000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಿಗೆ ಸರಿ. ಡೆಸ್ಕ್‌ಟಾಪ್ ಚಿಪ್‌ಗಳಿಗೂ, ಹಳೆಯ 5000 ಸರಣಿಗೂ ಅದು ನಡೆಯುವುದಿಲ್ಲ. 5000ರಲ್ಲಿ ರೈಜನ್ 7 5700U ಜೆನ್ 2, ಕೆಳಗಿನ ದರ್ಜೆಯ ರೈಜನ್ 5 5625U ಜೆನ್ 3! ಆಮೇಲೆ ‘ರೈಜನ್ ಎಐ 300’ ಬಂದಾಗ ಎಎಂಡಿ ಈ ಪದ್ಧತಿಯನ್ನೇ ಬಿಟ್ಟಿತು.

ಅದೇ ದರಕ್ಕೆ ಇಂಟೆಲ್ ಏನಿದೆ ಎಂದು ಕೇಳಿದಾಗ ಹುಡುಗ ಇನ್ನೆರಡು ತಂದಿಟ್ಟ: ಒಂದು i5-1235U, ಇನ್ನೊಂದು i5-12450H. “12450 ದೊಡ್ಡದು ಅಲ್ಲೇನ್ ಮಾಮಾ, ಹನ್ನೆರಡು ಸಾವಿರ ಐತಿ” ಎಂದು ನಕ್ಕಳು ಹುಡುಗಿ. ಎರಡರಲ್ಲೂ ಮೊದಲ ಎರಡು ಅಂಕಿ ಒಂದೇ, 12ನೇ ತಲೆಮಾರು. ಉಳಿದ ಅಂಕಿ ಅದರೊಳಗಿನ ಸ್ಥಾನ. U ಸಾಲಿನಲ್ಲಿ ಎರಡೇ ಅಂಕಿ ಉಳಿಯುತ್ತವೆ, H ಸಾಲಿನಲ್ಲಿ ಮೂರು. ಆದ್ದರಿಂದ ಈ ಎರಡು ಸಂಖ್ಯೆಗಳನ್ನು ಒಂದೇ ತಕ್ಕಡಿಗೆ ಹಾಕುವಂತಿಲ್ಲ. ನೋಡಬೇಕಾದ್ದು ಕೊನೆಯ ಅಕ್ಷರ.

U ಎಂದರೆ ಮೂಲ ವಿದ್ಯುತ್ ಬಳಕೆ 15 ವಾಟ್, H ಎಂದರೆ 45 ವಾಟ್. 1235Uನಲ್ಲಿ 10 ಕೋರ್ ಎಂದು ಜಾಹೀರಾತು ಕೂಗುತ್ತದೆ, ಅದರಲ್ಲಿ ದೊಡ್ಡವು 2, ಉಳಿದ 8 ಚಿಕ್ಕವು. 12450Hನಲ್ಲಿ ಒಟ್ಟು 8 ಕೋರ್, ಅದರಲ್ಲಿ ದೊಡ್ಡವೇ 4. ಥ್ರೆಡ್ ಎರಡರಲ್ಲೂ 12. ಬ್ರೌಸರ್, ಟೈಪಿಂಗ್‌ನಂಥ ಬಿಟ್ಟು ಬಿಟ್ಟು ಮಾಡುವ ಕೆಲಸಕ್ಕೆ 1235U ಸಾಕು. ಹತ್ತು ನಿಮಿಷ ಎಡೆಬಿಡದೆ ದುಡಿಯುವ ಕೆಲಸಕ್ಕೆ H ಮೇಲು. ಬದಲಿಗೆ ಫ್ಯಾನ್ ಕೂಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. 7530U ಕೂಡ 15 ವಾಟ್‌ನದು, ಅದರ 6 ಕೋರ್‌ಗಳೂ ದೊಡ್ಡವೇ. ಬೇರೆ ಬೇರೆ ಕಂಪನಿಗಳದ್ದನ್ನು ಹೋಲಿಸುವಾಗ 5 ಎದುರು 5 ಇಡುವ ಬದಲು ನಾನು ವಾಟ್ ಎದುರು ವಾಟ್, ದೊಡ್ಡ ಕೋರ್ ಎದುರು ದೊಡ್ಡ ಕೋರ್ ಇಡುತ್ತೇನೆ.

ಹೆಸರು ಹೇಳದ ಸಂಗತಿಗಳೂ ಇವೆ. 15 ವಾಟ್‌ನ ಚಿಪ್ಪಿಗೆ ಎಷ್ಟು ಹೊತ್ತು, ಎಷ್ಟು ಹೆಚ್ಚು ವಿದ್ಯುತ್ ಕುಡಿಯಲು ಬಿಡಬೇಕೆಂದು ನಿರ್ಧರಿಸುವುದು ಲ್ಯಾಪ್‌ಟಾಪ್ ಮಾಡಿದ ಕಂಪನಿ. ಹಾಗಾಗಿ ಒಂದೇ ಚಿಪ್ ಒಂದು ದಪ್ಪ ಯಂತ್ರದಲ್ಲಿ ಓಡಿ, ತೆಳ್ಳನೆಯದರಲ್ಲಿ ಏದುಸಿರು ಬಿಡಬಹುದು. ಅಂದು ನಾನೇ ಮೋಸಹೋಗುತ್ತಿದ್ದ ಇನ್ನೊಂದು ವಿಷಯ: 1235Uನ ಚೀಟಿಯಲ್ಲಿ ‘ಐರಿಸ್ ಎಕ್ಸ್‌ಇ’ ಗ್ರಾಫಿಕ್ಸ್ ಎಂದಿತ್ತು, ಪರದೆಯ ಮೇಲೆ ತೆರೆದಾಗ UHD Graphics ಎಂದು ಬಂತು. ಯಂತ್ರದಲ್ಲಿದ್ದದ್ದು ಒಂದೇ 8 ಜಿಬಿ ಪಟ್ಟಿ. ಇಂಟೆಲ್ ಆ ಹೆಸರು ಕೊಡುವುದು ಮೆಮೊರಿ ಎರಡು ಚಾನಲ್‌ನಲ್ಲಿ ಓಡುತ್ತಿದ್ದರೆ ಮಾತ್ರ. ಚಿಪ್ ಅದೇ, ಅರ್ಧ ದಾರಿ ಮುಚ್ಚಿದೆ.

ಕೊನೆಗೆ 7530U ಒಯ್ದೆವು. ಹಾಸ್ಟೆಲಿನಲ್ಲಿ ಬ್ಯಾಟರಿ ಮುಖ್ಯ, ಅವಳದ್ದು ಕಂಪ್ಯೂಟರ್ ಸೈನ್ಸ್, ಮೆಮೊರಿಗೆ ಜಾಗವೂ ಇತ್ತು. ಉಳಿದ ದುಡ್ಡಿನಲ್ಲಿ 8 ಜಿಬಿಯ ಇನ್ನೊಂದು ಪಟ್ಟಿ ಹಾಕಿಸಿದೆ. ಬಿಲ್ ಮಾಡುವ ಮೊದಲು ಪವರ್‌ಶೆಲ್ ತೆರೆದು ಇಷ್ಟು ಬರೆದು ನೋಡಿದೆ:

```
Get-CimInstance Win32_Processor | Select-Object Name, NumberOfCores, NumberOfLogicalProcessors
```

ಹೆಸರಿನಲ್ಲಿ 7530U, ಮುಂದೆ 6 ಮತ್ತು 12 ಬಂದವು. ಅಲ್ಲಿ 4 ಮತ್ತು 8 ಬಂದಿದ್ದರೆ ಡಬ್ಬಿಯ ಮೇಲೆ ಏನೇ ಇರಲಿ, ಯಂತ್ರ ಬೇರೆ.

ಇದರಲ್ಲಿ ಎಎಂಡಿ ಒಂದನ್ನೇ ಬೈಯಲಾರೆ. 2023ರ ಡಿಸೆಂಬರ್‌ನಲ್ಲಿ ಇಂಟೆಲ್ ಇದೇ 7520Uಅನ್ನು ತೋರಿಸಿ, ಹಳೆ ಸರಕಿಗೆ ಹೊಸ ಹೆಸರಿಟ್ಟು ಮಾರುತ್ತಾರೆ ಎಂದು ಅಣಕಿಸುವ ಸ್ಲೈಡುಗಳನ್ನು ಹಾಕಿ, ಆಮೇಲೆ ತೆಗೆದುಹಾಕಿತು. ಮರು ತಿಂಗಳು ಅದೇ ಇಂಟೆಲ್ ಹೆಸರಿನಿಂದ ‘ಐ’ ಕಿತ್ತು ‘ಕೋರ್ 5’ ಎಂದು ಹೊಸ ಸಾಲು ತಂದಿತು. ಮೊನ್ನೆ ಅಕ್ಕನ ಮಗಳು ಗೆಳತಿಯ ಲ್ಯಾಪ್‌ಟಾಪಿನ ಫೋಟೋ ಕಳಿಸಿದ್ದಳು. ಪರದೆಯ ಮೇಲೆ Core 5 120U. “ಇದು ಹೊಸಾದೇನ್ ಮಾಮಾ?” ಎಂದು ಕೇಳಿದ್ದಳು. ಆಜ್ಞೆ ಓಡಿಸಿ ಕಳಿಸು ಎಂದೆ. 10 ಮತ್ತು 12 ಎಂದು ಬಂತು: 2 ದೊಡ್ಡ, 8 ಚಿಕ್ಕ, 13ನೇ ತಲೆಮಾರಿನ i5-1335Uನಲ್ಲಿ ಇದ್ದ ಲೆಕ್ಕವೇ, ವೇಗ ಮಾತ್ರ ಸ್ವಲ್ಪ ಮೇಲೆ. “ಹಂಗಾರ ಹೆಸರಷ್ಟ ಹೊಸಾದು” ಎಂದು ಉತ್ತರ ಬರೆದಳು.