ಭಕ್ತಿಗೀತೆಯ ಪುಟಕ್ಕೊಂದು ಆಡಿಯೋ ಪ್ಲೇಯರ್

ವೆಬ್ ಪುಟದಲ್ಲಿ ಹಾಡು ಕೇಳಿಸಲು ಎಚ್‌ಟಿಎಂಎಲ್‌ನಲ್ಲಿ `<audio>` ಎಂಬ ಟ್ಯಾಗ್ ಇದೆ. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್5 ಮಾನದಂಡದ ಭಾಗ ಇದು. ಅದು ಬರುವ ಮೊದಲು ಹಾಡು ಕೇಳಬೇಕಾದರೆ ಫ್ಲ್ಯಾಶ್‌ನಂಥ ಪ್ಲಗಿನ್ ಹಾಕಿಕೊಳ್ಳಬೇಕಿತ್ತು. ಈಗ ಪ್ಲೇಯರ್ ಬ್ರೌಸರ್‌ನೊಳಗೇ ಇದೆ, ಪುಟ ಬರೆಯುವವರು ಅದನ್ನು ಕರೆದರೆ ಸಾಕು. ಆದರೆ ಕರೆಯುವ ರೀತಿಯಲ್ಲಿ ಕೆಲವು ಆಯ್ಕೆಗಳಿವೆ. ಕೇಳುಗರ ಡೇಟಾ ಎಷ್ಟು ಖರ್ಚಾಗುತ್ತದೆ, ಹಾಡು ಬಾರದಿದ್ದಾಗ ಅವರಿಗೆ ಏನು ಕಾಣುತ್ತದೆ ಎಂಬುದೆಲ್ಲ ಅವುಗಳ ಮೇಲೆಯೇ ನಿಂತಿದೆ.

ಒಂದು ಭಜನಾ ಮಂಡಳಿಯ ಪುಟವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಹನ್ನೆರಡು ದಾಸರ ಪದಗಳು, ಒಂದೊಂದೂ ಸುಮಾರು ಐದು ನಿಮಿಷದ್ದು, ಪ್ರತಿ ಪದದ ಕೆಳಗೆ ಸಾಹಿತ್ಯ. ಒಂದು ಹಾಡಿಗೆ ಬೇಕಾದ ಕೋಡ್ ಇಷ್ಟೇ:

```html
<h3>ಪುರಂದರದಾಸರ ಪದ (5 ನಿಮಿಷ)</h3>
<audio controls preload="none"
       src="pada-01.mp3"
       aria-label="ಪುರಂದರದಾಸರ ಪದ">
  ಈ ಬ್ರೌಸರ್‌ನಲ್ಲಿ ಪ್ಲೇಯರ್ ಇಲ್ಲ.
  <a href="pada-01.mp3">ಹಾಡನ್ನು ಇಳಿಸಿಕೊಳ್ಳಿ</a>
</audio>
```

ಇಲ್ಲಿ `controls` ಎಂಬ ಒಂದು ಪದವೇ ಪ್ಲೇ ಬಟನ್, ಹಾಡನ್ನು ಮುಂದೆ ಹಿಂದೆ ಸರಿಸುವ ಪಟ್ಟಿ, ಸಮಯ, ದನಿಯ ಏರಿಳಿತ ಎಲ್ಲವನ್ನೂ ತರುತ್ತದೆ. ಅದನ್ನು ಬಿಟ್ಟರೆ ಪುಟದಲ್ಲಿ ಏನೂ ಕಾಣುವುದಿಲ್ಲ. ಆಡಿಯೋ ಟ್ಯಾಗ್ ಇರುತ್ತದೆ, ಆದರೆ ಒತ್ತಲು ಜಾಗವೇ ಇರುವುದಿಲ್ಲ. ಇದಕ್ಕೆ ಬೆಲೆ ಕೊಡುವ ಅಗತ್ಯವಿಲ್ಲ. `controls="false"` ಎಂದು ಬರೆದರೂ ಪ್ಲೇಯರ್ ಕಾಣಿಸಿಯೇ ಕಾಣಿಸುತ್ತದೆ, ಯಾಕೆಂದರೆ ಪದ ಇದೆಯೇ ಇಲ್ಲವೇ ಎಂಬುದನ್ನಷ್ಟೇ ಬ್ರೌಸರ್ ನೋಡುವುದು. ಪ್ಲೇಯರ್‌ನ ರೂಪ ಬ್ರೌಸರ್‌ನಿಂದ ಬ್ರೌಸರ್‌ಗೆ ಬದಲಾಗುತ್ತದೆ. `aria-label` ಕಣ್ಣು ಕಾಣದವರಿಗಾಗಿ. ಅದಿಲ್ಲದಿದ್ದರೆ ಪರದೆ ಓದುವ ತಂತ್ರಾಂಶಕ್ಕೆ ಹನ್ನೆರಡು ಪ್ಲೇಯರ್‌ಗಳೂ ಹೆಸರಿಲ್ಲದವು, ಯಾವುದರಲ್ಲಿ ಯಾವ ಪದವಿದೆ ಎಂದು ಹೇಳಲು ಅದಕ್ಕೆ ಸಾಧ್ಯವಾಗುವುದಿಲ್ಲ.

ಪುಟ ತೆರೆದೊಡನೆ ಸುಪ್ರಭಾತ ತಾನಾಗಿಯೇ ಮೊಳಗಬೇಕು ಎಂದು ದೇವಸ್ಥಾನಗಳ ಪುಟ ಮಾಡಿಸುವವರು ಬಯಸುವುದುಂಟು. ಅದಕ್ಕೆ `autoplay` ಎಂಬ ಪದವೂ ಇದೆ. ಆದರೆ ಈಗಿನ ಬ್ರೌಸರ್‌ಗಳು ಕೇಳುಗರು ಏನನ್ನಾದರೂ ಒತ್ತುವ ಮುಂಚೆ ಸದ್ದು ಹೊರಡುವುದನ್ನು ಸಾಮಾನ್ಯವಾಗಿ ತಡೆಯುತ್ತವೆ. ಅದನ್ನು ನಂಬಿ ಪುಟ ಕಟ್ಟಬಾರದು.

ಟ್ಯಾಗ್‌ನ ನಡುವೆ ಬರೆದ ಬದಲಿ ಪಠ್ಯದ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಹಾಡು ಬಾರದಿದ್ದರೆ ಆ ಮಾತು ಕಾಣಿಸುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗಾಗುವುದಿಲ್ಲ. ಆಡಿಯೋ ಟ್ಯಾಗ್ ಎಂದರೇನೆಂದೇ ಗೊತ್ತಿಲ್ಲದ ಹಳೆಯ ಬ್ರೌಸರ್‌ಗಳು, ಉದಾಹರಣೆಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 8, ಮಾತ್ರ ಅದನ್ನು ತೋರಿಸುತ್ತವೆ. ಟ್ಯಾಗ್ ಗೊತ್ತಿರುವ ಬ್ರೌಸರ್‌ಗೆ ಫೈಲ್ ಸಿಗದೇ ಹೋದರೆ ಪ್ಲೇಯರ್ ಮಂಕಾಗಿ, ಒತ್ತಿದರೂ ಪ್ರಯೋಜನವಿಲ್ಲದಂತೆ ನಿಂತುಬಿಡುತ್ತದೆ. ಒಳಗಿನ ಮಾತು ಹೊರಗೆ ಬರುವುದೇ ಇಲ್ಲ. ಹೀಗಾಗಿ ಹಾಡನ್ನು ಇಳಿಸಿಕೊಳ್ಳುವ ಕೊಂಡಿ ನಿಜಕ್ಕೂ ಉಪಯೋಗಕ್ಕೆ ಬರಬೇಕೆಂದಿದ್ದರೆ ಅದನ್ನು `</audio>` ಆದಮೇಲೆ ಇನ್ನೊಮ್ಮೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಸಾಹಿತ್ಯಕ್ಕೂ ಇದೇ ಮಾತು. ಕಿವಿ ಕೇಳದವರು ಓದಿಕೊಳ್ಳಲಿ ಎಂದು ಪದದ ಸಾಹಿತ್ಯವನ್ನು ಟ್ಯಾಗ್‌ನ ಒಳಗೆ ಇಟ್ಟರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಜಾಗ ಪ್ಲೇಯರ್‌ನ ಕೆಳಗೆ, ಪುಟದ ಮೈಯಲ್ಲಿ.

ಇನ್ನು `preload`. ಕೇಳುಗರು ಪ್ಲೇ ಒತ್ತುವ ಮೊದಲೇ ಬ್ರೌಸರ್ ಎಷ್ಟು ತರಿಸಿಕೊಳ್ಳಬೇಕು ಎಂಬ ಸೂಚನೆ ಇದು. `none` ಎಂದರೆ ಏನನ್ನೂ ತರುವುದು ಬೇಡ, `metadata` ಎಂದರೆ ಹಾಡಿನ ಅವಧಿಯಂಥ ವಿವರ ತಿಳಿಯುವಷ್ಟು ಸಾಕು, `auto` ಎಂದರೆ ಬೇಕಿದ್ದರೆ ಪೂರ್ತಿ ಹಾಡನ್ನೇ ತರಬಹುದು. ಇದು ಸೂಚನೆಯೇ ಹೊರತು ಅಪ್ಪಣೆಯಲ್ಲ. ಮೊಬೈಲ್ ಡೇಟಾದಲ್ಲಿರುವ ಫೋನ್ ತನ್ನ ವಿವೇಚನೆಯಂತೆ ಕಡಿಮೆ ತರಿಸಿಕೊಳ್ಳಬಹುದು.

ಭಜನಾ ಮಂಡಳಿಯ ಪುಟದಲ್ಲಿ ಲೆಕ್ಕ ಹಾಕಿದರೆ ವ್ಯತ್ಯಾಸ ತಿಳಿಯುತ್ತದೆ. ಸೆಕೆಂಡಿಗೆ 128 ಕಿಲೋಬಿಟ್ ವೇಗದ ಎಂಪಿ3 ಎಂದರೆ ಸೆಕೆಂಡಿಗೆ 16 ಕಿಲೋಬೈಟ್. ಐದು ನಿಮಿಷದ ಹಾಡಿಗೆ 4.8 ಎಂಬಿ, ಹನ್ನೆರಡಕ್ಕೆ 57.6 ಎಂಬಿ. `auto` ಎಂದು ಬರೆದರೆ, ಒಂದೇ ಪದ ಕೇಳಲು ಬಂದವರ ತಲೆಗೂ ಅದರಲ್ಲಿ ದೊಡ್ಡ ಪಾಲು ಬೀಳಬಹುದು. ಬರೀ ಸಾಹಿತ್ಯ ಓದಿ ಹೋಗುವವರಿಗಂತೂ ಅಷ್ಟೂ ವ್ಯರ್ಥ. ಇಂಥ ಪುಟಕ್ಕೆ `none` ಸರಿ. ಅದರ ತೊಂದರೆ ಎಂದರೆ ಪ್ಲೇ ಒತ್ತುವವರೆಗೂ ಪ್ಲೇಯರ್ ಅವಧಿಯನ್ನು 0:00 ಎಂದು ತೋರಿಸುತ್ತಿರುತ್ತದೆ, ಹಾಡೇ ಇಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. ಮೇಲಿನ ಕೋಡ್‌ನಲ್ಲಿ ಶೀರ್ಷಿಕೆಯಲ್ಲೇ ‘5 ನಿಮಿಷ’ ಎಂದು ಬರೆದಿರುವುದು ಇದಕ್ಕಾಗಿಯೇ. ಪುಟದಲ್ಲಿ ಒಂದೇ ಹಾಡಿದ್ದರೆ `metadata` ಒಳ್ಳೆಯದು.

ಭಕ್ತಿಗೀತೆಗಳ ಎಂಪಿ3ಗಳಲ್ಲಿ ಒಂದು ವಿಶೇಷವುಂಟು. ಆಲ್ಬಮ್‌ನ ಮುಖಚಿತ್ರವಾಗಿ ದೇವರ ದೊಡ್ಡ ಫೋಟೋವನ್ನು ಫೈಲ್‌ನೊಳಗೇ ಸೇರಿಸಿರುತ್ತಾರೆ. ಆ ಚಿತ್ರ ಸಾಮಾನ್ಯವಾಗಿ ಫೈಲ್‌ನ ಆರಂಭದಲ್ಲಿ, ಸಂಗೀತಕ್ಕಿಂತ ಮುಂದೆ ಇರುತ್ತದೆ. ಚಿತ್ರವೇ ಒಂದೆರಡು ಎಂಬಿ ಇದ್ದರೆ, ಬರೀ ಅವಧಿ ತಿಳಿಯಲು ಹೊರಟ ಬ್ರೌಸರ್ ಅದನ್ನೂ ಹೊತ್ತು ತರಬೇಕಾಗಬಹುದು. ಪುಟದಲ್ಲಿ ಆ ಚಿತ್ರ ಕಾಣುವುದೂ ಇಲ್ಲ. ಅಪ್‌ಲೋಡ್ ಮಾಡುವ ಮೊದಲು ಯಾವುದಾದರೂ ಟ್ಯಾಗ್ ಎಡಿಟರ್‌ನಲ್ಲಿ ಅದನ್ನು ತೆಗೆದುಹಾಕುವುದು ಲೇಸು. ತಂಬೂರಿ, ತಾಳದ ಜೊತೆ ಒಬ್ಬರೇ ಹಾಡಿದ ಪದವನ್ನು ಮೊನೊದಲ್ಲಿ 64 ಕಿಲೋಬಿಟ್‌ಗೆ ಇಳಿಸಿದರೆ ಗಾತ್ರ ಅರ್ಧವಾಗುತ್ತದೆ, ಮಾತೂ ಸ್ಪಷ್ಟವಾಗಿ ಕೇಳುತ್ತದೆ.

`none` ಇಟ್ಟ ಪುಟದಲ್ಲಿ ಇನ್ನೊಂದು ಅಪಾಯ ಅಡಗಿದೆ. ಬ್ರೌಸರ್ ಫೈಲ್ ಕೇಳುವುದೇ ಪ್ಲೇ ಒತ್ತಿದಾಗ, ಆದ್ದರಿಂದ ಮುರಿದ ಕೊಂಡಿಯೂ ಅಲ್ಲಿಯವರೆಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಸಾಮಾನ್ಯ ಕಾರಣ ಫೈಲ್‌ನ ಹೆಸರು. ವಿಂಡೋಸ್ ಕಂಪ್ಯೂಟರ್‌ನಲ್ಲಿ `Pada-07.MP3` ಮತ್ತು `pada-07.mp3` ಒಂದೇ, ಲಿನಕ್ಸ್ ಸರ್ವರ್‌ನಲ್ಲಿ ಬೇರೆ ಬೇರೆ. ಮನೆಯಲ್ಲಿ ಹಾಡಿದ ಏಳನೆಯ ಪದ ಸರ್ವರ್‌ಗೆ ಹೋದಮೇಲೆ ಮೂಕವಾಗುವುದು ಹೀಗೆ. ಪುಟ ಪ್ರಕಟವಾದ ಮೇಲೆ ಹನ್ನೆರಡನ್ನೂ ಒಂದೊಂದಾಗಿ ಒತ್ತಿ ನೋಡಲೇಬೇಕು.

ಹಾಗೆ ನೋಡುವಾಗ ಕ್ರೋಮ್‌ನಲ್ಲಿ F12 ಒತ್ತಿ Network ಎಂಬ ಭಾಗವನ್ನು ತೆರೆದಿಟ್ಟುಕೊಂಡರೆ ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ. ಪುಟ ತೆರೆದಾಗ ಹಾಡಿನ ಸಾಲು ಒಂದೂ ಬರಬಾರದು. ಬಂದರೆ `none` ಎಲ್ಲೋ ಬಿಟ್ಟುಹೋಗಿದೆ. ಪ್ಲೇ ಒತ್ತಿದಾಗ 404 ಎಂದು ಬಂದರೆ ಆ ಹೆಸರಿನ ಫೈಲ್ ಅಲ್ಲಿಲ್ಲ. 206 ಎಂದು ಬಂದರೆ ಸರ್ವರ್ ಹಾಡನ್ನು ತುಂಡು ತುಂಡಾಗಿ ಕೊಡಬಲ್ಲದು, ಕೇಳುಗರು ನೇರ ಮೂರನೆಯ ಚರಣಕ್ಕೆ ಹಾರಬಹುದು. 200 ಎಂದೇ ಬರುತ್ತಿದ್ದು ಹಾಡನ್ನು ಮುಂದೆ ಸರಿಸಲಾಗದಿದ್ದರೆ ದೋಷ ಕೋಡ್‌ನಲ್ಲಿಲ್ಲ, ಸರ್ವರ್‌ನಲ್ಲಿದೆ. ಹೋಸ್ಟಿಂಗ್ ಕೊಟ್ಟವರಿಗೆ ರೇಂಜ್ ರಿಕ್ವೆಸ್ಟ್ ಸೌಲಭ್ಯ ಬೇಕೆಂದು ಕೇಳಬೇಕು. ಅದಿಲ್ಲದ ಸರ್ವರ್‌ನಿಂದ ಐಫೋನ್‌ನ ಸಫಾರಿಯಲ್ಲಿ ಹಾಡು ಶುರುವಾಗದೆಯೇ ಇರಬಹುದು.